ಎರಡು ಬೆರಳು ಎಡಕ್ಕೆ

ನಮ್ಮ ಶಾಲೆಯ ಲೆಕ್ಕದ ಟೀಚರಿಗೆ ಮಕ್ಕಳು ಇಟ್ಟಿದ್ದ ಹೆಸರು ಸೂಜಿ. ತೆಳ್ಳಗಿದ್ದಾಳೆ ಅಂತಲ್ಲ, ಮೈಕೈ ತುಂಬಿಕೊಂಡೇ ಇದ್ದವಳು. ಮಾತಿನಲ್ಲಿ ಚುಚ್ಚುತ್ತಾಳೆ ಅಂತಲೂ ಅಲ್ಲ, ಆ ಕೆಲಸಕ್ಕೆ ಶಾಲೆಯಲ್ಲಿ ನಾನಿದ್ದೆ. ಬೋರ್ಡಿನ ಮೇಲೆ ಎಲ್ಲಿ ಚುಕ್ಕಿ ಇಡಬೇಕು ಅಂದುಕೊಂಡಳೋ ಕರೆಕ್ಟಾಗಿ ಅಲ್ಲೇ ಇಡುತ್ತಿದ್ದಳು, ಅದಕ್ಕೆ ಆ ಹೆಸರು. ಕೈವಾರ ಮುಟ್ಟದೆ ಒಂದೇ ಉಸಿರಿನಲ್ಲಿ ವೃತ್ತ ಎಳೆಯುವಳು. ಆಮೇಲೆ ಅದರ ನಟ್ಟನಡುವೆ ಟಕ್ ಅಂತ ಒಂದು ಚುಕ್ಕಿ. ಹೊಸದಾಗಿ ಬಂದ ಮಕ್ಕಳು ಸ್ಕೇಲು ಹಿಡಿದು ಅಳೆದು ನೋಡುತ್ತಿದ್ದರು. ನೋಡಲಿ ಅಂತ ಅವಳು ಕೈ ಕಟ್ಟಿ ನಿಂತು ಕಾಯುತ್ತಿದ್ದಳು. ಹೆಮ್ಮೆ ಇತ್ತು ಅವಳಿಗೆ, ಇರಬೇಕಾದದ್ದೇ. ಇಪ್ಪತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಇವತ್ತಿಗೂ ನೆಟ್ಟಗೆ ಒಂದು ಗೆರೆ ಎಳೆಯಲು ಬರುವುದಿಲ್ಲ.

ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಪಕ್ಕದ ಕ್ಲಾಸಿನವಳು. ನಮ್ಮಿಬ್ಬರ ಕೋಣೆಗಳ ನಡುವೆ ಇದ್ದದ್ದು ಒಂದು ಮರದ ಅಡ್ಡಗೋಡೆ, ಅಷ್ಟೆ. ನಾನು ಮಕ್ಕಳಿಗೆ ಬೈದರೆ ಆ ಕಡೆ ಅವಳ ಮಕ್ಕಳು ಬೆಚ್ಚಿಬೀಳುತ್ತಿದ್ದರು. ಮದುವೆ ಬೇಡ ಅಂದವಳು. ಯಾಕೆ ಅಂತ ಕೇಳಿದರೆ "ಪುರುಸೊತ್ತಾಗ್ಲಿಲ್ಲ" ಅನ್ನುವಳು. ತಮ್ಮನ ಮನೆಯ ಮಹಡಿಯಲ್ಲಿ ಅವಳೂ ಅವಳಮ್ಮನೂ ಇದ್ದರು. ಕೊನೆಯ ವರ್ಷಗಳಲ್ಲಿ ಅಮ್ಮನ ಕೆಲಸವೆಲ್ಲ ಅವಳದೇ. ತಮ್ಮ ಒಳ್ಳೆಯವನು. ಆದರೆ ಕಾಯಿಲೆ ಅಂದರೆ ಮೆಟ್ಟಿಲು ಹತ್ತದವನು. "ಅಮ್ಮಂಗೆ ವಯಸ್ಸಾಯ್ತು, ಅಷ್ಟೇ ಕಣೇ" ಅಂತ ಕೆಳಗಿನಿಂದಲೇ ಹೇಳಿ ಮುಗಿಸುತ್ತಿದ್ದ.

ಆದರೆ ಅದು ವಯಸ್ಸಲ್ಲ. ಅಮ್ಮನ ಕಣ್ಣು ಚೆನ್ನಾಗಿತ್ತು, ಕೈಯಲ್ಲೂ ಶಕ್ತಿ ಇತ್ತು. ಕಣ್ಣಿಗೆ ಕಂಡಲ್ಲಿಗೆ ಮಾತ್ರ ಕೈ ಹೋಗುತ್ತಿರಲಿಲ್ಲ. ಲೋಟ ಎದುರಿಗೇ ಇದೆ, ನೋಡುತ್ತಲೂ ಇದ್ದಾಳೆ, ಕೈ ಚಾಚಿದರೆ ಲೋಟದ ಪಕ್ಕದ ಗಾಳಿಯನ್ನು ಹಿಡಿಯುತ್ತಾಳೆ. ಮೇಜಿನ ಮೇಲೆ ಇಟ್ಟೆ ಅಂದುಕೊಂಡು ತಟ್ಟೆಯನ್ನು ಅಂಚಿನಾಚೆ ಬಿಡುತ್ತಾಳೆ. ಡಾಕ್ಟರು ಅದಕ್ಕೊಂದು ಉದ್ದದ ಹೆಸರು ಹೇಳಿದರು. ತೊಂದರೆ ಕಣ್ಣಿನದಲ್ಲ, ಕಣ್ಣು ಕಂಡದ್ದನ್ನು ಕೈಗೆ ತಿಳಿಸುವ ಮೆದುಳಿನದು ಅಂದರು. ಮೊದಲು ಕೈ, ಆಮೇಲೆ ಓದು, ಆಮೇಲೆ ಮನೆಯ ದಾರಿ, ಕೊನೆಗೆ ಮಗಳ ಮುಖ. ಎಲ್ಲವೂ ಒಂದೊಂದಾಗಿ ಹೋದವು. ಅಕ್ಕ ಅದನ್ನೆಲ್ಲ ಹತ್ತಿರದಿಂದ ನೋಡಿದಳು. ಸ್ಟಾಫ್ ರೂಮಿನಲ್ಲಿ ಮಾತ್ರ ಬಾಯಿಬಿಡುತ್ತಿರಲಿಲ್ಲ. "ಅಮ್ಮ ಹೇಗಿದ್ದಾರೆ?" ಅಂದರೆ "ಇದಾಳೆ" ಅನ್ನುವಳು. ಒಂದು ದಿನ ಅದೂ ಇಲ್ಲವಾಯಿತು.

ಅಮ್ಮ ಹೋಗಿ ವರ್ಷದ ಮೇಲಾಗಿತ್ತು. ಬೇಸಿಗೆ ರಜೆಗೆ ಮುಂಚೆ ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ಅಕ್ಕ ನನ್ನ ಕಡೆ ಬಾಗಿ, ದನಿ ತಗ್ಗಿಸಿ ಒಂದು ಮಾತು ಹೇಳಿದಳು.

"ಮನೇಲಿ ಯಾರೋ ಸಾಮಾನು ಸರಿಸ್ತಾರೆ ಕಣೇ."

"ಇಲಿ ಇರ್ಬೇಕು."

"ಇಲಿ ಸ್ವಿಚ್ ಬೋರ್ಡ್ ಸರಿಸುತ್ತಾ? ಸ್ವಿಚ್ ಒತ್ತಕ್ಕೆ ಹೋದ್ರೆ ಗೋಡೆ ಸಿಗುತ್ತೆ. ಚಿಲಕ ಇದ್ದ ಕಡೆ ಇರಲ್ಲ. ಲೋಟ ಇಟ್ಟ ಜಾಗದಲ್ಲಿ ಇರಲ್ಲ. ದೂರ ಏನಲ್ಲ. ಇಷ್ಟೇ ಇಷ್ಟು." ಎರಡು ಬೆರಳು ಜೋಡಿಸಿ ತೋರಿಸಿದಳು. "ಅಮ್ಮ ಕಣೇ. ಅವ್ಳಿಗೆ ಕೊನೇಲಿ ಯಾವ್ದೂ ಕೈಗೆ ಸಿಗ್ತಿರ್ಲಿಲ್ಲ ನೋಡು. ಈಗ ನಂಗೂ ಸಿಗದ ಹಾಗೆ ಮಾಡ್ತಿದಾಳೆ."

ನನಗೆ ದೆವ್ವದಲ್ಲಿ ನಂಬಿಕೆ ಇಲ್ಲ. ಆದರೂ ಆ ದಿನ ಟೀ ಲೋಟ ಕೆಳಗಿಡುವಾಗ ನನ್ನ ಕೈ ಒಂದು ಕ್ಷಣ ತಡೆಯಿತು, ಸುಳ್ಳು ಹೇಳುವುದಿಲ್ಲ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಯಾರನ್ನೋ ಬಿಟ್ಟಿರಲಾರದವರ ಆಸೆ ಇತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಚಳಿಯಾಯಿತು. "ಒಬ್ಳೇ ಇರ್ಬೇಡ, ಕೆಳಗೆ ತಮ್ಮನ ಮನೇಲಿ ಮಲಕ್ಕೋ" ಅಂದೆ. ಅವಳು ನಕ್ಕು ಮಾತು ಬದಲಾಯಿಸಿದಳು.

ರಜೆಯಲ್ಲಿ ಶಾಲೆಯ ಛಾವಣಿಗೆ ಬಣ್ಣ ಹೊಡೆಸಿದರು. ಪ್ರತಿ ಕ್ಲಾಸಿನ ಪ್ರೊಜೆಕ್ಟರನ್ನೂ ಇಳಿಸಿ, ಬಣ್ಣ ಒಣಗಿದ ಮೇಲೆ ಮತ್ತೆ ತೂಗುಹಾಕಿದರು. ಹಾಗೆ ಇಳಿಸಿ ಏರಿಸಿದ ಮೇಲೆ ಬೋರ್ಡಿಗೆ ಹೊಸದಾಗಿ ಹೇಳಿಕೊಡಬೇಕಾಗುತ್ತದೆ. ನಮ್ಮವು ಮುಟ್ಟಿದರೆ ಕೆಲಸ ಮಾಡುವ ಸ್ಮಾರ್ಟ್ ಬೋರ್ಡುಗಳು, ಅವುಗಳ ಚೌಕಟ್ಟಿನೊಳಗೆ ಕಣ್ಣಿಗೆ ಕಾಣದ ಬೆಳಕು ಅಡ್ಡಕ್ಕೂ ಉದ್ದಕ್ಕೂ ಹಾಯುತ್ತಿರುತ್ತದೆ. ಬೆರಳೋ ಪೆನ್ನೋ ಆ ಬೆಳಕನ್ನು ಎಲ್ಲಿ ತಡೆಯಿತು ಅನ್ನುವುದು ಬೋರ್ಡಿಗೆ ಗೊತ್ತಾಗುತ್ತದೆ. ಆದರೆ ಪ್ರೊಜೆಕ್ಟರ್ ಬಿಟ್ಟ ಚಿತ್ರದ ಯಾವ ಭಾಗ ಆ ಜಾಗದಲ್ಲಿದೆ ಅನ್ನುವುದು ತಾನಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಕ್ಯಾಲಿಬ್ರೇಶನ್. ಪರದೆಯ ಮೇಲೆ ಒಂದೊಂದಾಗಿ ಪ್ಲಸ್ಸಿನಂಥ ಕೂಡು ಗುರುತು ಬರುತ್ತದೆ, ಅದರ ನಡುವಿಗೆ ಪೆನ್ನು ಒತ್ತಬೇಕು, ಮುಂದಿನದು ಬರುತ್ತದೆ. ಎಲ್ಲ ಮುಗಿದ ಮೇಲೆ ನೀವು ಒತ್ತಿದ್ದೇ ಸರಿ ಅಂತ ಅದು ನಂಬಿಕೊಂಡುಬಿಡುತ್ತದೆ.

ನಮ್ಮ ಶಾಲೆಯಲ್ಲಿ ಆ ಕೆಲಸ ಅಕ್ಕನದು. ಸೂಜಿ ಇರುವಾಗ ಬೇರೆಯವರು ಯಾಕೆ ಅಂತ ಹೆಡ್‌ಮೇಡಂ ಮೊದಲ ವರ್ಷವೇ ತೀರ್ಮಾನ ಮಾಡಿದ್ದರು. ಅವಳು ಕೋಣೆಯಿಂದ ಕೋಣೆಗೆ ಹೋಗಿ ಟಕ್ ಟಕ್ ಟಕ್ ಅಂತ ಒತ್ತಿ, ಒಂದು ಲೋಟ ಟೀ ಆರುವಷ್ಟರಲ್ಲಿ ಕೋಣೆ ಮುಗಿಸಿ ಬರುತ್ತಿದ್ದಳು. ಲ್ಯಾಬಿನ ಬೋರ್ಡ್ ಮಾತ್ರ ವಿಜ್ಞಾನದ ಮೇಷ್ಟ್ರದು. ತನ್ನ ಕೋಣೆಯ ಬೀಗದ ಕೈಯನ್ನೇ ಯಾರಿಗೂ ಕೊಡದ ಮನುಷ್ಯ ಬೋರ್ಡನ್ನು ಕೊಟ್ಟಾನೆಯೇ? ತನ್ನದನ್ನು ತಾನೇ ಮಾಡಿಕೊಂಡ.

ಶಾಲೆ ಶುರುವಾದ ಮೊದಲ ವಾರದಲ್ಲೇ ಗಲಾಟೆ ಎದ್ದಿತು. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ನಕ್ಷೆಯಲ್ಲಿ ನದಿ ಮುಟ್ಟಿದರೆ ಪಕ್ಕದ ಗುಡ್ಡ ಆಯ್ಕೆಯಾಗುತ್ತಿತ್ತು. ಮುಂದಿನ ಪುಟದ ಬಟನ್ ಒತ್ತಿದರೆ ಅದರ ಎಡಗಡೆಯದು ತೆರೆಯುತ್ತಿತ್ತು. ಪೆನ್ನಿನಲ್ಲಿ ಬರೆದರೆ ಗೆರೆ ಪೆನ್ನಿನ ತುದಿಯಲ್ಲಿ ಮೂಡದೆ ಎಡಕ್ಕೆ, ಸುಮಾರು ಎರಡು ಬೆರಳಷ್ಟು ದೂರದಲ್ಲಿ ಮೂಡುತ್ತಿತ್ತು. ಆ ಕೋಣೆ ಈ ಕೋಣೆ ಅಂತಿಲ್ಲ, ಲ್ಯಾಬ್ ಒಂದು ಬಿಟ್ಟು ಎಲ್ಲ ಕಡೆ ಇದೇ ಕಥೆ. ಜೊತೆಗೆ ಚಿಕ್ಕ ಮಕ್ಕಳ ಕೋಣೆಯಲ್ಲಿ ಕೆಳಗಿನ ಮೂಲೆಯನ್ನು ಯಾರೂ ಮುಟ್ಟದೆ ಇದ್ದರೂ ಅಲ್ಲಿದ್ದ ಮೆನು ತಾನೇ ತೆರೆದುಕೊಂಡು ತಾನೇ ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದು ಕೋಣೆಯ ಬೋರ್ಡ್ ಪಾಠದ ನಡುವೆ ಸತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಕೂರುತ್ತಿತ್ತು.

ವಿಚಿತ್ರ ಏನೆಂದರೆ, ಅಕ್ಕ ಒಬ್ಬಳು ಮಾತ್ರ ತೊಂದರೆ ಏನೂ ಇಲ್ಲ ಅನ್ನುತ್ತಿದ್ದಳು. "ನಂಗೆ ಸರಿಯಾಗೇ ಬರುತ್ತಲ್ಲ? ನೀವು ಸರಿಯಾಗಿ ಮುಟ್ಟಲ್ಲ" ಅನ್ನುವಳು. ಅವಳು ಎಳೆದರೆ ವೃತ್ತ ಬೇಕಾದಲ್ಲೇ ಬರುತ್ತಿತ್ತು, ಚುಕ್ಕಿ ನಡುವಿಗೇ ಬೀಳುತ್ತಿತ್ತು. ಬೋರ್ಡಿಗೆ ಸೂಜಿ ಅಂದರೆ ಭಕ್ತಿ, ಬೇರೆಯವರ ಮಾತು ಕೇಳುವುದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡಿದೆವು. ಎಲ್ಲರಿಗಿಂತ ಜಾಸ್ತಿ ನಕ್ಕವಳು ನಾನೇ.

ಆ ನಗು ನಿಂತದ್ದು ಒಂದು ಬೆಳಿಗ್ಗೆ. ಪಕ್ಕದ ಹಳೇ ಕರಿಹಲಗೆಯಲ್ಲಿ ಬರೆಯೋಣ ಅಂತ ಸೀಮೆಸುಣ್ಣ ಕೇಳಲು ಅವಳ ಕ್ಲಾಸಿನ ಬಾಗಿಲಿಗೆ ಹೋಗಿದ್ದೆ. ಕಿಟಕಿಯ ಪರದೆ ಎಳೆದಿದ್ದರು, ಕೋಣೆ ಮಬ್ಬಾಗಿತ್ತು, ಬೋರ್ಡು ಮಾತ್ರ ಬೆಳಗುತ್ತಿತ್ತು. ಅಕ್ಕ ತ್ರಿಕೋನ ಬರೆಯುತ್ತಿದ್ದಳು. ಅವಳ ಪೆನ್ನು ಒಂದು ಕಡೆ ಹೋಗುತ್ತಿದೆ, ಗೆರೆ ಅದರ ಪಕ್ಕದಲ್ಲಿ, ಯಾರೂ ಮುಟ್ಟದ ಜಾಗದಲ್ಲಿ ತಾನೇ ತಾನಾಗಿ ಮೂಡುತ್ತಾ ಬರುತ್ತಿದೆ. ಅವಳ ಜೊತೆ ಹೆಜ್ಜೆ ಹಾಕುತ್ತಾ ಇನ್ನೊಬ್ಬರು ಬರೆಯುತ್ತಿದ್ದ ಹಾಗೆ. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಯಾವ ಕ್ಲಾಸೂ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಕಂಡಿಲ್ಲ. ಹಿಂದಿನ ಬೆಂಚಿನ ಒಬ್ಬಳು ನನ್ನನ್ನು ಕಂಡು ಮೆಲ್ಲಗೆ ಅಂದಳು, "ಮಿಸ್, ಸತ್ತೋದ್ರಲ್ಲ ಅವ್ರಮ್ಮ, ಅವ್ರು ಬರೀತಿದಾರಂತೆ."

ಅಕ್ಕನಿಗೆ ಕೇಳಿಸಲಿಲ್ಲ. ಅವಳು ಗೆರೆಯನ್ನೇ ನೋಡುತ್ತಿದ್ದಳು, ತೃಪ್ತಿಯಿಂದ. ಪೆನ್ನಿಗೂ ಗೆರೆಗೂ ನಡುವೆ ಜಾಗ ಇದೆ ಅನ್ನುವುದು ಅವಳಿಗೆ ಕಾಣುತ್ತಲೇ ಇರಲಿಲ್ಲ. ಸೀಮೆಸುಣ್ಣ ಕೇಳದೆ ನಾನು ವಾಪಸು ಬಂದೆ. ಏನೋ ಅರ್ಥವಾಗುತ್ತಿತ್ತು, ಅರ್ಥವಾಗುವುದು ಬೇಡ ಅಂತ ಮನಸ್ಸು ತಲೆ ಕೊಡವುತ್ತಿತ್ತು.

ಮಕ್ಕಳ ಬಾಯಿಗೆ ಬಿದ್ದ ಮಾತು ಊರು ಸುತ್ತಲು ಎಷ್ಟು ಹೊತ್ತು? ಕೆಲವು ಮಕ್ಕಳು ಆ ಕೋಣೆಗೆ ಹೋಗುವುದಿಲ್ಲ ಅಂತ ಅತ್ತರು. ಹೆಡ್‌ಮೇಡಂ ಸಿಟ್ಟಿಗೆದ್ದು ಬೋರ್ಡ್ ರಿಪೇರಿಯವನನ್ನು ಕರೆಸಿದರು. ಸಣ್ಣಗೆ ನರೆತ ಮೀಸೆ, ಹೆಗಲಿಗೆ ಚೀಲ, ಮಾತು ಕಡಿಮೆ. ಮಕ್ಕಳು ಅವನಿಗೆ ಬೋರ್ಡಣ್ಣ ಅಂತ ಹೆಸರಿಟ್ಟರು. ನನಗೆ ಆ ದಿನ ಖಾಲಿ ಪೀರಿಯಡ್ಡುಗಳಿದ್ದವು. "ನೀವೇ ಜೊತೇಲಿರಿ, ದೆವ್ವ ಸಿಕ್ಕಿದ್ರೆ ಇತಿಹಾಸ ಕೇಳಿ" ಅಂತ ಹೆಡ್‌ಮೇಡಂ ನನ್ನನ್ನು ಕಳಿಸಿದರು.

ಚಿಕ್ಕ ಮಕ್ಕಳ ಕೋಣೆಯ ದೆವ್ವ ಮೊದಲು ಸಿಕ್ಕಿತು. ಬೋರ್ಡಣ್ಣ ಚೌಕಟ್ಟಿನ ಕೆಳಗಿನ ಅಂಚಿನ ಮೇಲೆ ಬೆರಳಾಡಿಸುತ್ತಾ ಹೋಗಿ ಮೂಲೆಯಲ್ಲಿ ನಿಂತ. ಯಾರೋ ಬಣ್ಣದ ಕಾಗದದ ಹೂವನ್ನು ಅಲ್ಲಿ ಟೇಪಿನಲ್ಲಿ ಅಂಟಿಸಿದ್ದರು. ಟೇಪು ಬಿಟ್ಟುಕೊಂಡು ಒಂದು ಎಸಳು ಚೌಕಟ್ಟಿನ ಒಳಗೆ ಬಾಗಿತ್ತು. ಫ್ಯಾನ್ ಗಾಳಿಗೆ ಅದು ಅಲ್ಲಾಡಿದಾಗಲೆಲ್ಲ ಬೆಳಕಿಗೆ ಅಡ್ಡವಾಗಿ, ಯಾರೋ ಬೆರಳಿಟ್ಟರು ಅಂತ ಬೋರ್ಡು ತಿಳಿಯುತ್ತಿತ್ತು. ಹೂವನ್ನು ಕಿತ್ತು, ಟೇಪಿನ ಅಂಟನ್ನು ಒರೆಸಿ, ಚೌಕಟ್ಟಿನ ನಾಲ್ಕೂ ಕಡೆ ಒಣ ಬಟ್ಟೆಯಲ್ಲಿ ಧೂಳು ತೆಗೆದ. ಮೂಲೆ ಸುಮ್ಮನಾಯಿತು. ಸತ್ತು ಏಳುತ್ತಿದ್ದ ಬೋರ್ಡಿನ ಕೋಣೆಯಲ್ಲಿ ಮೇಜಿನ ಕಾಲು ಯುಎಸ್‌ಬಿ ಕೇಬಲ್ಲಿನ ಮೇಲೆ ಕೂತಿತ್ತು. ಮೇಜು ಅಲುಗಿದಾಗಲೆಲ್ಲ ಸಂಪರ್ಕ ಕಡಿಯುತ್ತಿತ್ತು. ಕೇಬಲ್ ಬದಲಿಸಿ, ಗೋಡೆಯ ಪಕ್ಕ ಎಳೆದು ಕಟ್ಟಿದ. ಅದೂ ಸರಿಹೋಯಿತು.

ಇಷ್ಟಾದರೂ ಎರಡು ಬೆರಳು ಹಾಗೇ ಉಳಿಯಿತು. ಎಲ್ಲ ಕೋಣೆಯಲ್ಲೂ.

ಬೋರ್ಡಣ್ಣ ಪ್ರೊಜೆಕ್ಟರ್ ನೋಡಿದ, ಅಲುಗಿರಲಿಲ್ಲ. ಚಿತ್ರದ ನಾಲ್ಕೂ ಮೂಲೆ ಬೋರ್ಡಿನೊಳಗೆ ಚೊಕ್ಕವಾಗಿ ಕೂತಿದ್ದವು. ಕಂಪ್ಯೂಟರಿನಲ್ಲಿ ಪರದೆಯ ಅಳತೆ ನೋಡಿದ, ಬದಲಾಗಿರಲಿಲ್ಲ. ಕೇಬಲ್ಲುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದ. ಚೌಕಟ್ಟುಗಳನ್ನು ಒರೆಸಿದ. ಕೊನೆಗೆ ನನ್ನ ಕೋಣೆಯಲ್ಲಿ ಬೋರ್ಡಿನ ಎದುರು ಸುಮ್ಮನೆ ನಿಂತುಬಿಟ್ಟ.

"ಏನಾಗಿದೆ ಅಣ್ಣಾ?" ಅಂದೆ.

"ಪ್ರೊಜೆಕ್ಟರ್ ವಾಲಿದ್ರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ತಪ್ಪುತ್ತೆ ಮೇಡಂ. ಒಂದೊಂದು ರೂಮಲ್ಲಿ ಒಂದೊಂದು ಥರ ತಪ್ಪುತ್ತೆ. ಇದು ಎಲ್ಲಾ ರೂಮಲ್ಲೂ ಒಂದೇ ಕಡೆ, ಒಂದೇ ಅಷ್ಟು." ತಲೆ ಕೆರೆದುಕೊಂಡ. "ಬೋರ್ಡ್‌ಗಳೆಲ್ಲ ಸೇರ್ಕೊಂಡು ಒಂದೇ ತಪ್ಪು ಮಾಡಲ್ಲ. ಯಾರು ಮೇಡಂ ಕ್ಯಾಲಿಬ್ರೇಟ್ ಮಾಡಿದ್ದು?"

ಉದ್ದ ನಾಲಿಗೆಯವಳು ಅಂತ ಹೆಸರಾದ ನನಗೆ ಒಂದು ಹೆಸರು ಹೇಳಲಾಗಲಿಲ್ಲ. "ಯಾಕೆ?" ಅಂದೆ.

"ಗುರುತಿನ ಮೇಲೆ ಒತ್ತದೆ ಪ್ರತಿ ಸಲ ಅದ್ರ ಬಲಕ್ಕೆ ಎರಡು ಬೆರಳು ಬಿಟ್ಟು ಒತ್ತಿದಾರೆ. ಇದು ಅದನ್ನೇ ಸರಿ ಅಂತ ನೆನಪಿಟ್ಕೊಂಡಿದೆ. ಹಾಗಾಗಿ ನಾವು ಸರಿಯಾಗಿ ಮುಟ್ಟಿದ್ರೆ ಎಡಕ್ಕೆ ಹೋಗುತ್ತೆ. ಒತ್ತಿದೋರು ಯಾರೋ, ಅವ್ರು ಮುಟ್ಟಿದ್ರೆ ಮಾತ್ರ ಸರಿಯಾಗಿ ಬರುತ್ತೆ."

ಅಡ್ಡಗೋಡೆಯ ಆಚೆಯಿಂದ ಅಕ್ಕನ ದನಿ ಕೇಳಿಸುತ್ತಿತ್ತು. ಲಂಬಕೋನದ ಪಾಠ. ಆ ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಸ್ವಿಚ್ಚು, ಚಿಲಕ, ಲೋಟ, ಎಲ್ಲ ಒಟ್ಟಿಗೆ ನನ್ನೆದುರು ಬಂದು ನಿಂತವು. ಆ ಮನೆಯಲ್ಲಿ ಯಾರೂ ಏನನ್ನೂ ಸರಿಸುತ್ತಿರಲಿಲ್ಲ. ಅಮ್ಮನಿಗೆ ಶುರುವಾದದ್ದೂ ಹೀಗೆಯೇ.

ಬೋರ್ಡಣ್ಣ ನನ್ನ ಮುಖ ನೋಡಿದ. ಮತ್ತೆ ಕೇಳಲಿಲ್ಲ. ನನ್ನ ಕೋಣೆಯ ಬೋರ್ಡನ್ನು ತಾನೇ ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ, "ಮುಟ್ಟಿ ನೋಡಿ" ಅಂದ. ಗೆರೆ ನನ್ನ ಬೆರಳಿನ ತುದಿಯಲ್ಲೇ ಮೂಡಿತು. ಸರಿಯಾಗಿ ಬಂದ ಗೆರೆ ಕಂಡು ಅಳು ಬಂದದ್ದು ನನಗೆ ಅದೇ ಮೊದಲು. ಒಂದೊಂದೇ ಕೋಣೆ ಸರಿಮಾಡುತ್ತಾ ಹೋದ. ಸಂಜೆ ಗಂಟೆ ಹೊಡೆದು ಮಕ್ಕಳೆಲ್ಲ ಹೊರಟ ಮೇಲೆ ಉಳಿದದ್ದು ಅಕ್ಕನ ಕೋಣೆ ಒಂದೇ.

ಅವಳು ಅಲ್ಲೇ ಮೇಜಿನ ಹತ್ತಿರ ಕಾಪಿ ತಿದ್ದುತ್ತಾ ಕೂತಿದ್ದಳು. "ಬನ್ನಿ ಬನ್ನಿ, ನನ್ ಬೋರ್ಡಿಗೇನೂ ಆಗಿಲ್ಲ. ಸುಮ್ನೆ ನೋಡ್ಕೊಂಡು ಹೋಗಿ" ಅಂದಳು ನಗುತ್ತಾ. ಬೋರ್ಡಣ್ಣ ಕ್ಯಾಲಿಬ್ರೇಟ್ ಮಾಡಿ ಮುಗಿಸಿದ. ಅಕ್ಕ ಎದ್ದು ಬಂದು ಪೆನ್ನು ತೆಗೆದುಕೊಂಡಳು. ಪರದೆಯ ನಡುವೆ ಚೌಕುಳಿ ಹಾಳೆಯ ಚಿತ್ರವಿತ್ತು. ಎರಡು ಗೆರೆ ಕೂಡುವ ಕಡೆ ಚುಕ್ಕಿ ಇಡಲು ಹೋದಳು. ಟಕ್. ಚುಕ್ಕಿ ಬಲಗಡೆಯ ಖಾಲಿ ಮನೆಯಲ್ಲಿ ಬಿತ್ತು.

ಮತ್ತೆ ಇಟ್ಟಳು. ಮತ್ತೆ ಬಲಕ್ಕೆ.

"ಈಗ ಕೆಟ್ಟೋಯ್ತು ನೋಡಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

"ಕೇಬಲ್ ಲೂಸ್ ಇರ್ಬೇಕು ಮೇಡಂ" ಅಂದ ಬೋರ್ಡಣ್ಣ ಗಡಬಡಿಸಿ. ಅಷ್ಟು ಹೊತ್ತಿಗೆ ಅವನಿಗೂ ತಿಳಿದುಹೋಗಿತ್ತು. "ನಾನು ವ್ಯಾನಿಂದ ಬೇರೆ ಕೇಬಲ್ ತರ್ತೀನಿ." ಒಳ್ಳೆಯ ಮನುಷ್ಯ. ಆದರೆ ಸುಳ್ಳು ಹೇಳಿ ರೂಢಿ ಇರಲಿಲ್ಲ.

"ಕೇಬಲ್ ಲೂಸಾದ್ರೆ ಬೋರ್ಡ್ ನಿಂತೋಗುತ್ತೆ. ಪಕ್ಕಕ್ಕೆ ಸರಿಯಲ್ಲ" ಅಂದಳು ಅಕ್ಕ. ಅವನು ಹೊರಗೆ ಹೋದ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

ಕೋಣೆಯಲ್ಲಿ ನಾವಿಬ್ಬರೇ. ಪ್ರೊಜೆಕ್ಟರಿನ ಫ್ಯಾನ್ ಗುಂಯ್ ಅನ್ನುತ್ತಿತ್ತು. ಬೋರ್ಡಿನ ಬಿಳಿ ಬೆಳಕು ಖಾಲಿ ಬೆಂಚುಗಳ ಮೇಲೆ ಬಿದ್ದಿತ್ತು, ಅವಳ ನೆರಳು ಬೋರ್ಡಿನ ಮೇಲೆ. ನನಗೆ ಅಲ್ಲಿ ಮೂರನೆಯವರು ಯಾರೋ ಇದ್ದಾರೆ ಅನ್ನಿಸಿತು. ಈಗಲೂ ಆ ಕೋಣೆಗೆ ಹೋದರೆ ಹಾಗೆ ಅನ್ನಿಸುತ್ತದೆ.

"ನೀನು ಇಲ್ಲಿ ಬಾ" ಅಂದಳು. ಕಂಪ್ಯೂಟರಿಗೆ ಹೋಗಿ ಕ್ಯಾಲಿಬ್ರೇಶನ್ ಮತ್ತೆ ತೆರೆದಳು. ಮೌಸ್ ಹಿಡಿಯುವಾಗಲೂ ಕೈ ಒಮ್ಮೆ ಮೇಜನ್ನು ತಡವಿತು. ಅದನ್ನು ನಾನು ನೋಡಿದ್ದು ಅವತ್ತೇ ಮೊದಲೋ, ಮೊದಲೂ ನೋಡಿ ಬಿಟ್ಟಿದ್ದೆನೋ, ಹೇಳಲಾರೆ. ಮೊದಲ ಕೂಡು ಗುರುತು ಎಡ ಮೂಲೆಯಲ್ಲಿ ಬಂತು.

"ನಾನು ಈಗ ನಿಧಾನಕ್ಕೆ ಹೋಗ್ತೀನಿ. ಇನ್ನೂ ಮುಟ್ಟಿಸಲ್ಲ. ಗುರುತಿನ ಎದ್ರು ಬಂತು ಅಂದಾಗ ನಿಲ್ಲಿಸ್ತೀನಿ. ಸರಿ ಇದೆಯಾ ಇಲ್ವಾ ಹೇಳು. ಸುಳ್ಳು ಹೇಳ್ಬೇಡ. ನೀನು ಸುಳ್ಳು ಹೇಳಿದ್ರೆ ನಂಗೆ ಇನ್ಯಾರೂ ಇಲ್ಲ."

ಅವಳ ಕೈ ಮೇಲೆದ್ದಿತು. ಇಡೀ ಶಾಲೆ ನಂಬಿದ್ದ ಕೈ. ಬೋರ್ಡಿನಿಂದ ಒಂದು ಗೇಣು ದೂರದಲ್ಲಿ ಪೆನ್ನು ನಿಂತಿತು, ಒಂದಿಷ್ಟೂ ನಡುಗದೆ.

"ಸರಿ ಇದೆಯಾ?"

ನನಗೆ ಹೌದು ಅನ್ನಬೇಕಿತ್ತು. ಬಾಯಿಯವರೆಗೆ ಬಂದಿತ್ತು. ಹೌದು ಅಂದರೆ ಈ ಸಂಜೆ ಹೇಗೋ ಕಳೆಯುತ್ತದೆ, ನಾಳೆ ಬೋರ್ಡಿಗೆ ಬೈದುಕೊಳ್ಳಬಹುದು, ಬೋರ್ಡಣ್ಣನಿಗೆ ಬೈದುಕೊಳ್ಳಬಹುದು. ಆದರೆ ಅಕ್ಕ ಬೋರ್ಡನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಬೆಳಕಿನಲ್ಲಿ ಅವಳ ಕಣ್ಣುಗಳು ತೊಳೆದಷ್ಟು ಸ್ಪಷ್ಟವಾಗಿದ್ದವು.

"ಇಲ್ಲ" ಅಂದೆ.

"ಎಷ್ಟು?"

"ಎರಡು ಬೆರಳು. ಬಲಕ್ಕೆ."

ಅವಳು ತಿರುಗಿ ಬೋರ್ಡನ್ನು ನೋಡಿದಳು. "ನಂಗೆ ಅದ್ರ ಎದ್ರೇ ಇರೋ ಹಾಗೆ ಕಾಣ್ತಿದೆ ಕಣೇ" ಅಂದಳು. ದೂರು ಹೇಳುವ ದನಿಯಲ್ಲ. ಲೆಕ್ಕ ತಪ್ಪಿದಾಗ ಎಲ್ಲಿ ತಪ್ಪಿತು ಅಂತ ಹುಡುಕುವ ದನಿ.

ಆಮೇಲೆ ಕೈ ಇಳಿಸಿದಳು. "ಹಾಗಾದ್ರೆ ಅಮ್ಮ ಬರ್ತಿರ್ಲಿಲ್ಲ" ಅಂದಳು. "ಮನೇಲಿ ನಾನೊಬ್ಳೇ ಇದ್ದಿದ್ದು."

ದೆವ್ವ ಇಲ್ಲ ಅಂತ ಜನರಿಗೆ ಸಮಾಧಾನ ಹೇಳುವುದು ನನಗೆ ಗೊತ್ತು. ದೆವ್ವ ಇಲ್ಲವಲ್ಲ ಅಂತ ದುಃಖಪಡುವವಳಿಗೆ ಏನು ಹೇಳಬೇಕು ಅಂತ ಗೊತ್ತಿರಲಿಲ್ಲ. ಅವಳ ಎದೆಗೆ ಎರಡು ಪೆಟ್ಟು ಒಟ್ಟಿಗೆ ಬಿದ್ದಿದ್ದವು. ಅಮ್ಮ ಇಲ್ಲ, ಅಮ್ಮನ ಕಾಯಿಲೆ ಇದೆ. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ.

"ಅಳೋದು ಆಮೇಲೆ. ಈ ಗುರುತು ಕಾಯ್ತಿದೆ" ಅಂದಳು. ನಿಜ, ಬೋರ್ಡಿನ ಮೂಲೆಯಲ್ಲಿ ಆ ಗುರುತು ಮಿಣುಕುತ್ತಾ ಇನ್ನೂ ಕಾಯುತ್ತಿತ್ತು. "ನಾಳೆ ಮಕ್ಕಳಿಗೆ ಈ ಬೋರ್ಡ್ ಸರಿ ಇರ್ಬೇಕು. ನನ್ ಕೈ ಹಿಡ್ಕೋ."

"ನಾನೇ ಒತ್ತಿಬಿಡ್ತೀನಿ ಅಕ್ಕ. ಇಲ್ಲ ಅಂದ್ರೆ ಬೋರ್ಡಣ್ಣನ್ನ ಕರೀತೀನಿ."

"ನೀನು ಗೆರೆ ಎಳೆಯೋದು ನೋಡಿದೀನಿ. ಹಿಡ್ಕೋ ಅಂದ್ನಲ್ಲ."

ಅಂಥ ಹೊತ್ತಿನಲ್ಲೂ ಚುಚ್ಚಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ಪೆನ್ನನ್ನು ಎಡಕ್ಕೆ, ಗುರುತಿನ ನಡುವಿಗೆ ತಂದೆ. ಅವಳ ತೋಳು ಒಂದು ಕ್ಷಣ ಬಿಗಿಯಿತು, ತಾನು ನೋಡುತ್ತಿರುವ ಜಾಗ ಬಿಟ್ಟು ಬೇರೆಲ್ಲಿಗೋ ಒಯ್ಯುತ್ತಿದ್ದಾರೆ ಅಂತ. ಆಮೇಲೆ ಸಡಿಲವಾಯಿತು. ಒತ್ತಿದೆವು. ಮುಂದಿನದು ಬಂತು. ಅದನ್ನೂ ಒತ್ತಿದೆವು. ಹೀಗೆ ಬೋರ್ಡಿನ ಉದ್ದಕ್ಕೂ ಇಬ್ಬರೂ ಪಕ್ಕಪಕ್ಕ ಸರಿಯುತ್ತಾ ಹೋದೆವು. ಪ್ರತಿ ಗುರುತಿನಲ್ಲೂ ಅವಳು ಮೊದಲು ತಾನಾಗಿ ಕೈ ಚಾಚುವಳು, ನಾನು ಸರಿಪಡಿಸುವೆ. ಒಂದು ಸಲವೂ ಅವಳ ಕೈ ತಾನಾಗಿ ಸರಿಯಾದ ಕಡೆ ಹೋಗಲಿಲ್ಲ. ಒಂದಾದರೂ ಹೋಗಲಿ ಅಂತ ನಾನು ದೇವರಲ್ಲಿ ಕೇಳಿಕೊಳ್ಳುತ್ತಿದ್ದೆ.

ಕೊನೆಯ ಗುರುತು ಮುಗಿದು ಚೌಕುಳಿ ಹಾಳೆ ಮತ್ತೆ ಬಂತು. ನಾನು ಬೆರಳಿಟ್ಟು ನೋಡಿದೆ. ಬೆರಳಿಟ್ಟಲ್ಲೇ ಚುಕ್ಕಿ.

"ಸರಿ ಇದೆಯಾ?" ಅಂದಳು.

"ಇದೆ ಅಕ್ಕ."

"ಎಲ್ಲಾ ಕಡೆ ನೋಡು. ಮೂಲೇಲೂ ನೋಡು."

ಮೂಲೆಗಳಲ್ಲೂ ಒತ್ತಿ ನೋಡಿದೆ. ಎಲ್ಲ ಸರಿ ಇತ್ತು. ಅವಳು ಪೆನ್ನಿಗೆ ಮುಚ್ಚಳ ಹಾಕಲು ಹೋಗಿ, ಒಂದೆರಡು ಸಲ ತಪ್ಪಿ, ಮುಚ್ಚಳವನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟುಬಿಟ್ಟಳು. ಪ್ರೊಜೆಕ್ಟರ್ ಆರಿಸಿದೆ. ಬೋರ್ಡು ಬೂದುಬಣ್ಣಕ್ಕೆ ತಿರುಗಿತು, ಕೋಣೆ ಒಮ್ಮೆಲೇ ದೊಡ್ಡದಾಯಿತು. ಕಾರಿಡಾರಿನಲ್ಲಿ ಬೋರ್ಡಣ್ಣ ಕೇಬಲ್ ಸುತ್ತು ಹಿಡಿದು ಗೋಡೆಗೊರಗಿ ನಿಂತಿದ್ದ. ಒಳಗೆ ಬರುವುದೋ ಬೇಡವೋ ಅಂತ ಕಾಯುತ್ತಿದ್ದ. ಅಕ್ಕ ಅವನಿಗೆ ತಲೆಯಾಡಿಸಿದಳು. "ನಿಮ್ ಬೋರ್ಡ್ ಸರಿ ಇದೆ" ಅಂದಳು. ಅವನು ತಲೆ ತಗ್ಗಿಸಿಕೊಂಡು ಹೋದ.

"ನಾಳೆ ಡಾಕ್ಟರ್ ಹತ್ರ ಹೋಗ್ಬೇಕು" ಅಂದಳು. "ತಮ್ಮಂಗೆ ಈಗ್ಲೇ ಹೇಳ್ಬೇಡ. ಅವ್ನು ಮತ್ತೆ ಕೆಳಗೇ ನಿಂತ್ಕೋತಾನೆ. ನೀನು ಬರ್ತೀಯಾ?"

"ಬರ್ತೀನಿ."

"ನಾಳೆ ಮಾತ್ರ ಅಲ್ಲ."

"ಗೊತ್ತು ಅಕ್ಕ."

ಶಾಲೆಯ ಮುಂದಿನ ಮೆಟ್ಟಿಲಿನ ತನಕ ನಡೆದು ಬಂದೆವು. ಬಿಸಿಲು ಇಳಿದಿತ್ತು, ಮೈದಾನದಲ್ಲಿ ಯಾರೂ ಇರಲಿಲ್ಲ. ಮೊದಲ ಮೆಟ್ಟಿಲಲ್ಲಿ ಅವಳು ನಿಂತಳು. ಇಷ್ಟು ವರ್ಷದಲ್ಲಿ ಮೊದಲ ಸಲ, ನನ್ನ ಮುಖ ನೋಡದೆ, ನನ್ನ ಕೈಗಾಗಿ ಕೈ ಚಾಚಿದಳು. ಅವಳ ಬೆರಳುಗಳು ನನ್ನ ಕೈಯ ಪಕ್ಕದ ಗಾಳಿಯ ಮೇಲೆ ಮುಚ್ಚಿಕೊಳ್ಳುವುದರಲ್ಲಿದ್ದವು. ನಾನು ನನ್ನ ಕೈಯನ್ನು ಅಲ್ಲಿಗೆ ಸರಿಸಿದೆ.